ಸಗಟು ಉಡುಪು ಕ್ಯಾಟಲಾಗ್: ಅಂಗಡಿದಾರರಿಗೆ ಮಾತ್ರ

ಬೆಲೆ ಒಂದು ಪೀಸಿಗೆ, ರೂಪಾಯಿಗಳಲ್ಲಿ. ಜಿಎಸ್‌ಟಿ ಮತ್ತು ಸಾಗಣೆ ವೆಚ್ಚ ಪ್ರತ್ಯೇಕ.

ಗಂಡಸರ ಷರ್ಟ್
ಎಸ್-101: ಹತ್ತಿ, ಸಾದಾ, ತುಂಬು ತೋಳು – 310
ಎಸ್-104: ಹತ್ತಿ-ಪಾಲಿಯೆಸ್ಟರ್, ಚೌಕುಳಿ – 245
ಒಂದೇ ಬಣ್ಣದಲ್ಲಿ ಎಂ, ಎಲ್, ಎಕ್ಸ್‌ಎಲ್, ಡಬಲ್ ಎಕ್ಸ್‌ಎಲ್: 4ರ ಸೆಟ್. ಸೆಟ್ ಒಡೆದು ಕೊಡುವುದಿಲ್ಲ.

ಹೆಂಗಸರ ಕುರ್ತಿ (ಸೆಟ್ ಮೇಲಿನಂತೆಯೇ)
ಕೆ-201: ರೇಯಾನ್, ಪ್ರಿಂಟ್ – 225
ಕೆ-207: ಹತ್ತಿ, ಕೊರಳಿಗೆ ಕಸೂತಿ – 390
ಕೆ-207ಕ್ಕೆ ಅಸ್ತರು ಇದೆ, ಎರಡೂ ಬದಿಗೆ ಮೊಬೈಲ್ ಹಿಡಿಸುವಷ್ಟು ಆಳದ ಜೇಬೂ ಇದೆ. ದುಬಾರಿ ಎನಿಸಿದರೂ ಮೊದಲು ಖಾಲಿಯಾಗುವುದು ಇದೇ. ಕಡುಗೆಂಪು ಬಣ್ಣ ಮೊದಲ ಒಗೆತದಲ್ಲಿ ತುಸು ಬಿಡುತ್ತದೆ; ಬೇರೆಯಾಗಿ ಒಗೆಯುವಂತೆ ಗ್ರಾಹಕರಿಗೆ ತಿಳಿಸಿ.

ಮಕ್ಕಳ ಟೀ ಷರ್ಟ್
ಎಂ-301: ಹೊಸೈರಿ, 2ರಿಂದ 8 ವರ್ಷ – 110
12 ಪೀಸಿನ ಕಟ್ಟು, ಮಿಶ್ರ ಬಣ್ಣ. ಬಣ್ಣದ ಆಯ್ಕೆ ನಮ್ಮದು.

ಆರ್ಡರ್
ಕನಿಷ್ಠ 10,000 ರೂ. ಸರಕು, 50,000 ದಾಟಿದರೆ ಶೇ 4 ರಿಯಾಯಿತಿ. ಕೋಡ್, ಬಣ್ಣ, ಸೆಟ್‌ಗಳ ಸಂಖ್ಯೆ ಬರೆದು ವಾಟ್ಸ್‌ಆ್ಯಪ್ ಮಾಡಿ. ಶೇ 30 ಮುಂಗಡ, ಬಾಕಿ ರವಾನೆಗೆ ಮುನ್ನ. ಉದ್ರಿ ಇಲ್ಲ, ದಯವಿಟ್ಟು ಕೇಳಬೇಡಿ. ದಾಸ್ತಾನಿರುವ ಮಾಲು 3 ದಿನಗಳಲ್ಲಿ ಹೊರಡುತ್ತದೆ. ಹೊಲಿಗೆ ದೋಷವಿದ್ದರೆ, ಮಾಲು ತಲುಪಿದ 7 ದಿನದೊಳಗೆ ಫೋಟೊ ಕಳುಹಿಸಿ, ಬದಲಿಸಿಕೊಡುತ್ತೇವೆ. ಮಾರಾಟವಾಗದ ಮಾಲನ್ನು ವಾಪಸ್ ಪಡೆಯುವುದಿಲ್ಲ.