ಅಡುಗೆಮನೆಯ ಮಾಡಿನ ದುರಸ್ತಿ ಬಗ್ಗೆ ಮನೆ ಮಾಲೀಕರಿಗೆ ಪತ್ರ

ಶಿರಸಿ
ದಿನಾಂಕ: 26-6-2024

ವಿಷಯ: ಮೇ ತಿಂಗಳಲ್ಲಿ ಮಾಡಿಸಿಕೊಡುವುದಾಗಿ ಹೇಳಿದ್ದ ಮಾಡಿನ ದುರಸ್ತಿ ಇನ್ನೂ ಆಗದಿರುವ ಕುರಿತು

ಮಾನ್ಯರೇ,

ಯಲ್ಲಾಪುರ ರಸ್ತೆಯಲ್ಲಿರುವ ತಮ್ಮ ಹಂಚಿನ ಮನೆಯಲ್ಲಿ ಕಳೆದ ಅಕ್ಟೋಬರ್‌ನಿಂದ ನಾವು ಬಾಡಿಗೆಗೆ ಇದ್ದೇವೆ. ಏಪ್ರಿಲ್ 14ರಂದು ತಾವೇ ಬಂದು ಏಣಿ ಹಾಕಿಸಿ ನೋಡಿದಿರಿ. ಅಡುಗೆಮನೆಯ ಮೇಲಿನ ಎರಡು ಪಕಾಸುಗಳಿಗೆ ಒರಲೆ ಹಿಡಿದಿದ್ದನ್ನೂ, ರೀಪು ಜಗ್ಗಿ ಹಂಚು ಸರಿದಿದ್ದನ್ನೂ ಕಂಡು, ಮೇ 15ರೊಳಗೆ ಬಡಗಿಯನ್ನು ಕಳಿಸಿ ಅವನ್ನೆಲ್ಲ ಬದಲಾಯಿಸಿ ಕೊಡುವುದಾಗಿ ಹೇಳಿದಿರಿ. ಆ ಮಾತನ್ನು ನಂಬಿ ನಾವು ಬೇರೆ ಏರ್ಪಾಡು ಮಾಡಿಕೊಳ್ಳಲಿಲ್ಲ.

ಈಗ ಆರಿದ್ರಾ ಮಳೆ ನಡೆದಿದೆ. ಬಡಗಿ ಮಾತ್ರ ಬಂದಿಲ್ಲ. ಒಲೆಯ ಪಕ್ಕದ ಗೋಡೆ ನೆಲದವರೆಗೂ ತೊಯ್ದು ಗಾರೆ ಉದುರಿದೆ. ಅಕ್ಕಿ ಡಬ್ಬಗಳನ್ನೆಲ್ಲ ನಡುಮನೆಗೆ ಸಾಗಿಸಿದ್ದೇವೆ. ಇವೆಲ್ಲ ಹೇಗೋ ಸಹಿಸಬಹುದಾದ ತೊಂದರೆಗಳು. ಆದರೆ ಕಳೆದ ವಾರದಿಂದ ನೀರು ಪಕಾಸಿನ ಗುಂಟ ಹರಿದು ಮಿಕ್ಸರ್‌ನ ಸ್ವಿಚ್ ಬೋರ್ಡಿನೊಳಗೆ ಇಳಿಯುತ್ತಿದೆ. ವಯರಿಂಗ್ ಕೆಲಸದವರು ಬಂದು ಆ ಬೋರ್ಡಿನ ಸಂಪರ್ಕವನ್ನೇ ಕಡಿದು ಹೋಗಿದ್ದಾರೆ, ಮಾಡು ಸರಿಯಾಗುವ ತನಕ ಅದನ್ನು ಮುಟ್ಟಬೇಡಿ ಎಂದೂ ಎಚ್ಚರಿಸಿದ್ದಾರೆ. ಮನೆಯಲ್ಲಿ ಸಣ್ಣ ಮಕ್ಕಳಿರುವುದು ತಮಗೆ ಗೊತ್ತೇ ಇದೆ.

ತೋಟಗಳಲ್ಲಿ ಕೊಳೆ ಔಷಧ ಹೊಡೆಯುವ ಕೆಲಸ ಶುರುವಾಗಿರುವುದರಿಂದ ಆಳು ಸಿಗುತ್ತಿಲ್ಲ ಎಂದು ತಾವು ಮೊನ್ನೆ ಫೋನಿನಲ್ಲಿ ಹೇಳಿದಿರಿ. ಜೂನ್ ತಿಂಗಳಿನ ಮಟ್ಟಿಗೆ ಅದು ನಿಜವಿರಬಹುದು. ಏಪ್ರಿಲ್, ಮೇ ತಿಂಗಳುಗಳಿಗೆ ಆ ಕಾರಣ ಸಲ್ಲದು.

ಮಾಡು ಮತ್ತು ಗೋಡೆಗಳ ದುರಸ್ತಿ ಮಾಲೀಕರದ್ದೇ ಎಂದು ನಮ್ಮ ಕರಾರುಪತ್ರದ 6ನೇ ಕಲಮಿನಲ್ಲಿ ಬರೆದಿದೆ. ಈ ಮಳೆಯಲ್ಲಿ ಪಕಾಸು ಬದಲಾಯಿಸಲು ಆಗದಿದ್ದರೆ, ಜುಲೈ 3ರೊಳಗೆ ಆ ಎರಡು ಪಕಾಸುಗಳಿಗೆ ಕೆಳಗಿನಿಂದ ಊರೆ ಕೊಡಿಸಿ, ಒಡೆದ ಹಂಚು ತೆಗೆಸಿ, ಮೇಲೆ ತಾಡಪಾಲು ಹಾಕಿಸಬೇಕು. ಪೂರ್ತಿ ಕೆಲಸವನ್ನು ಮಳೆ ಹೊಳವಾದ ಕೂಡಲೇ ಮಾಡಿಸುವುದಾಗಿ ದಿನಾಂಕ ನಮೂದಿಸಿ ಬರೆದು ಕೊಡಬೇಕು. ಬಾಯಿಮಾತು ಒಮ್ಮೆ ಆಗಿದೆ.

ಆ ದಿನದೊಳಗೆ ಏನೂ ಆಗದಿದ್ದರೆ ತಾತ್ಕಾಲಿಕ ಕೆಲಸವನ್ನು ನಾವೇ ಮಾಡಿಸಿ, ರಸೀದಿಗಳನ್ನು ತಮಗೆ ಕಳಿಸಿ, ಆ ಖರ್ಚನ್ನು ಜುಲೈ ತಿಂಗಳ 9,000 ರೂಪಾಯಿ ಬಾಡಿಗೆಯಲ್ಲಿ ಮುರಿದುಕೊಳ್ಳುತ್ತೇವೆ. ಮಾಲೀಕರು ಮಾಡಿಸಲೇಬೇಕಾದ ದುರಸ್ತಿಯನ್ನು ನೋಟಿಸ್ ತಲುಪಿದ ಮೇಲೂ ತಕ್ಕ ಅವಧಿಯೊಳಗೆ ಮಾಡಿಸದಿದ್ದಾಗ ಬಾಡಿಗೆದಾರರು ಹೀಗೆ ಮಾಡಲು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು ಅವಕಾಶ ಕೊಟ್ಟಿದೆ. ಈ ಪತ್ರವನ್ನೇ ಆ ನೋಟಿಸ್ ಎಂದು ಪರಿಗಣಿಸಬೇಕಾಗಿ ಕೋರುತ್ತೇನೆ. ಜೂನ್‌ವರೆಗಿನ ಬಾಡಿಗೆ ಪೂರ್ತಿ ಸಂದಾಯವಾಗಿದೆ.

ಬಡಗಿ ಯಾವ ದಿನ ಬಂದರೂ ಬೆಳಿಗ್ಗೆ 8ರಿಂದ ಮನೆಯಲ್ಲಿ ನಮ್ಮವರು ಇರುತ್ತಾರೆ.

ಇತಿ ತಮ್ಮ ವಿಶ್ವಾಸಿ,
ಯಲ್ಲಾಪುರ ರಸ್ತೆಯ ಮನೆಯ ಬಾಡಿಗೆದಾರ

ಲಗತ್ತು: ಮಾಡು, ಗೋಡೆ ಮತ್ತು ಸ್ವಿಚ್ ಬೋರ್ಡಿನ ಫೋಟೋಗಳು, ಕರಾರುಪತ್ರದ ಜೆರಾಕ್ಸ್ ಪ್ರತಿ