1831ರ ಮೈಸೂರು: ದುರಾಡಳಿತವೊಂದೇ ಕಾರಣವೇ?

ಮುಮ್ಮಡಿ ಕೃಷ್ಣರಾಜ ಒಡೆಯರ ದುರಾಡಳಿತವೇ 1831ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಮೈಸೂರಿನ ಆಡಳಿತ ವಹಿಸಿಕೊಳ್ಳಲು ಕಾರಣ ಎಂಬ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ದಿವಾನ ಪೂರ್ಣಯ್ಯ ತುಂಬಿಸಿಟ್ಟಿದ್ದ ಖಜಾನೆ ಕರಗಿತ್ತು. ಇಷ್ಟು ಕಂದಾಯ ಕಟ್ಟಿಯೇ ತೀರುತ್ತೇನೆಂದು ಅಮಲ್ದಾರರಿಂದ ಒಪ್ಪಂದ ಬರೆಸಿಕೊಳ್ಳುವ ಶರತ್ ಪದ್ಧತಿಯಲ್ಲಿ ಆ ಭಾರವೆಲ್ಲ ರೈತನ ಮೇಲೆ ಬೀಳುತ್ತಿತ್ತು. 1830ರಲ್ಲಿ ನಗರ ಪ್ರಾಂತ್ಯದ ರೈತರು ದಂಗೆಯೆದ್ದದ್ದು ಯಾರದೋ ಪಿತೂರಿಯಿಂದಷ್ಟೇ ಅಲ್ಲ. ಇಷ್ಟನ್ನೂ ಒಪ್ಪೋಣ. ಆದರೆ ರೈತರು ಏಕೆ ದಂಗೆಯೆದ್ದರು ಎಂಬುದು ಒಂದು ಪ್ರಶ್ನೆ, ಕಂಪನಿಗೆ ಇಡೀ ರಾಜ್ಯವನ್ನು ವಹಿಸಿಕೊಳ್ಳುವ ಹಕ್ಕಿತ್ತೇ ಎಂಬುದು ಬೇರೆಯೇ ಪ್ರಶ್ನೆ. 1799ರ ಸಹಾಯಕ ಸೈನ್ಯ ಒಪ್ಪಂದದ ಪ್ರಕಾರ, ಮೈಸೂರು ಕಂಪನಿಗೆ ಕಟ್ಟಬೇಕಿದ್ದ ವರ್ಷಕ್ಕೆ 7 ಲಕ್ಷ ಪಗೋಡದ ಪೊಗದಿಗೆ ಧಕ್ಕೆ ಬರುವ ಭಯವಿದ್ದರೆ ಅದಕ್ಕೆ ಅಗತ್ಯವಾದಷ್ಟು ಪ್ರದೇಶವನ್ನು ಮಾತ್ರ ಕಂಪನಿ ವಹಿಸಿಕೊಳ್ಳಬಹುದಿತ್ತು. ಹಾಗಿದ್ದೂ ಗವರ್ನರ್ ಜನರಲ್ ಬೆಂಟಿಂಕ್ ಇಡೀ ರಾಜ್ಯವನ್ನೇ ವಹಿಸಿಕೊಂಡ; ದಂಗೆಯ ಕಾರಣಗಳ ವಿಚಾರಣೆಗೆ ಸಮಿತಿ ನೇಮಿಸಿದ್ದು ಆಮೇಲೆ. 1834ರಲ್ಲಿ ಈ ಕ್ರಮದ ಔಚಿತ್ಯವನ್ನು ಅವನೇ ಶಂಕಿಸಿ, ರಾಜ್ಯದ ಹೆಚ್ಚಿನ ಭಾಗವನ್ನು ಅರಸರಿಗೆ ಮರಳಿಸುವ ಸಲಹೆ ಮಾಡಿದ. ಹಾಗಾಗಿ ದುರಾಡಳಿತ ದಂಗೆಯನ್ನು ವಿವರಿಸುತ್ತದೆ, ಆಮೇಲಿನ ಐವತ್ತು ವರ್ಷಗಳ ಬ್ರಿಟಿಷ್ ಕಮಿಷನರ್ ಆಳ್ವಿಕೆಯನ್ನಲ್ಲ.