ಒಂದು ಟ್ಯೂಬ್ ಉಗುಳಿನಲ್ಲಿ ವಂಶದ ಕತೆ ಎಷ್ಟು ನಿಜ?

ನನ್ನ ಚಿಕ್ಕಪ್ಪನ ಮಗ ಶ್ರೀಧರ ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಡಲ್ಲಾಸಿನಲ್ಲಿರುವ ಮಗಳ ಮನೆಗೆ ಹೋಗಿದ್ದ. ಅರವತ್ತನೇ ಹುಟ್ಟುಹಬ್ಬಕ್ಕೆ ಮಗಳು ಕೊಟ್ಟ ಉಡುಗೊರೆ ಒಂದು ಡಿಎನ್‌ಎ ಕಿಟ್, ಉಗುಳು ಕಳಿಸಿದರೆ ಕಂಪನಿಯವರು ವಂಶದ ಮೂಲ ಹೇಳುವಂಥದ್ದು. ಅಣ್ಣ ಗೋಪಾಲನೂ ಜೊತೆಗಿದ್ದ, ಅವನಿಗೂ ಒಂದು ಸಿಕ್ಕಿತು. ಫಲಿತಾಂಶ ಬಂದ ದಿನದಿಂದ ನನ್ನ ಫೋನಿಗೆ ಪ್ರಶ್ನೆಗಳು ಬರುತ್ತಲೇ ಇವೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿದವಳು ಮನೆಯಲ್ಲಿ ನಾನೊಬ್ಬಳೇ, ಅದಕ್ಕೆ. ಒಳ್ಳೆಯ ಪ್ರಶ್ನೆಗಳು. ಬೇರೆಯವರಿಗೂ ಉಪಯೋಗವಾಗಲಿ ಎಂದು ಬರೆದಿಟ್ಟಿದ್ದೇನೆ.

ಅಕ್ಕ, ನಾವು ಮಾಡಿದ್ದು ಟ್ಯೂಬಿಗೆ ಉಗುಳಿದ್ದು ಅಷ್ಟೇ. ಅದರಲ್ಲಿ ಅವರು ಏನು ಓದುತ್ತಾರೆ?

ಉಗುಳಿನ ಜೊತೆ ಬಾಯಿಯ ಒಳಚರ್ಮದ ಜೀವಕೋಶಗಳು ಬರುತ್ತವೆ, ಬಿಳಿ ರಕ್ತಕಣಗಳೂ ಬರುತ್ತವೆ. ಅವುಗಳೊಳಗೆ ನಿನ್ನ ಡಿಎನ್‌ಎ ಇದೆ, ಸುಮಾರು 300 ಕೋಟಿ ಅಕ್ಷರ. ಅಷ್ಟನ್ನೂ ಈ ಕಂಪನಿಗಳು ಸಾಮಾನ್ಯವಾಗಿ ಓದುವುದಿಲ್ಲ. ಒಬ್ಬರಿಂದೊಬ್ಬರಿಗೆ ಅಕ್ಷರ ಬದಲಾಗುತ್ತದೆ ಎಂದು ಮೊದಲೇ ಗೊತ್ತಿರುವ ಆರೇಳು ಲಕ್ಷ ಜಾಗಗಳನ್ನು ಮಾತ್ರ ಒಂದು ಚಿಪ್ ಮೇಲೆ ನೋಡುತ್ತವೆ. ಅಂದರೆ ಹೆಚ್ಚುಕಡಿಮೆ ಐದು ಸಾವಿರಕ್ಕೆ ಒಂದು ಅಕ್ಷರ.

ಈ ಓದುವ ಕೆಲಸವನ್ನು ನಂಬಬಹುದು. ಸಾಮಾನ್ಯವಾಗಿ ಕಾಣುವ ಅಕ್ಷರಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಜಾಸ್ತಿ ಸರಿ ಇರುತ್ತದೆ. ತಕರಾರು ಇರುವುದು ಓದಿದ್ದಕ್ಕೆ ಅರ್ಥ ಹೇಳುವುದರಲ್ಲಿ.

ನನಗೆ 92% ದಕ್ಷಿಣ ಭಾರತ, 4% ಉತ್ತರ ಭಾರತ, 4% ಮಧ್ಯ ಏಷ್ಯಾ ಎಂದು ಬಂದಿದೆ. ನಮ್ಮ ಮುತ್ತಜ್ಜಿಯೋ ಅವರ ಅಜ್ಜಿಯೋ ಸಮರ್ಕಂದದಿಂದ ಬಂದವರಾ?

ಹಾಗಲ್ಲ ಶ್ರೀಧರ. ಈ ನಕ್ಷೆ ಹೇಗೆ ತಯಾರಾಗುತ್ತದೆ ಎಂದು ಗೊತ್ತಾದರೆ ಉಳಿದ ಅರ್ಧ ಪ್ರಶ್ನೆಗಳಿಗೆ ಉತ್ತರ ಸಿಕ್ಕಹಾಗೆ.

ಕಂಪನಿಯ ಹತ್ತಿರ ಒಂದು ಹೋಲಿಕೆಯ ಗುಂಪು ಇರುತ್ತದೆ. ಒಂದೇ ಪ್ರದೇಶದಲ್ಲಿ ನಾಲ್ಕೂ ಜನ ಅಜ್ಜ ಅಜ್ಜಿ ಹುಟ್ಟಿದಂಥವರನ್ನು ಹುಡುಕಿ, ಅವರ ಡಿಎನ್‌ಎಯನ್ನು ಆ ಪ್ರದೇಶದ ಮಾದರಿ ಎಂದು ಇಟ್ಟುಕೊಂಡಿರುತ್ತಾರೆ. ನಿನ್ನ ಡಿಎನ್‌ಎಯನ್ನು ತುಂಡು ತುಂಡಾಗಿ ತೆಗೆದುಕೊಂಡು, ಪ್ರತಿ ತುಂಡೂ ಯಾವ ಮಾದರಿಯನ್ನು ಜಾಸ್ತಿ ಹೋಲುತ್ತದೆ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಹೋಲಿಸುವುದು ಇವತ್ತು ಬದುಕಿರುವ ಜನರ ಜೊತೆ. ನಿನ್ನ ಮುತ್ತಜ್ಜಿಯ ಜೊತೆ ಅಲ್ಲ, ಅವರ ಕಾಲದ ಸಮರ್ಕಂದದ ಜನರ ಜೊತೆಯೂ ಅಲ್ಲ. ಯುರೋಪಿನ ಮಾದರಿಗಳು ಧಾರಾಳವಾಗಿವೆ, ಏಕೆಂದರೆ ಕಿಟ್ ಕೊಂಡವರಲ್ಲಿ ಅಲ್ಲಿನ ಮೂಲದವರೇ ಹೆಚ್ಚು. ನಮ್ಮ ಕಡೆಯ ಮಾದರಿಗಳು ಕಮ್ಮಿ. ಹಾಸನ ಜಿಲ್ಲೆಯ ನಮ್ಮ ಊರಿನಂಥ ಊರಿಗೆ ಸರಿಯಾದ ಮಾದರಿ ಇಲ್ಲದಿದ್ದರೆ, ಇರುವುದರಲ್ಲೇ ಹತ್ತಿರದ್ದನ್ನು ಕಂಪ್ಯೂಟರ್ ಆರಿಸಿಕೊಳ್ಳುತ್ತದೆ.

ಇನ್ನೊಂದು ವಿಷಯ. ಭಾರತದವರೆಲ್ಲ ಹಳೆಯ ಕಾಲದಲ್ಲೇ ಬೆರೆತವರು. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ತಂಗರಾಜ್, ಲಾಲ್‌ಜಿ ಸಿಂಗ್ ಮತ್ತು ಹಾರ್ವರ್ಡಿನ ಡೇವಿಡ್ ರೈಕ್ ಅವರ ತಂಡ 2009ರಲ್ಲಿ ಇದನ್ನು ತೋರಿಸಿತು. ಇಲ್ಲಿನ ಬಹುತೇಕ ಎಲ್ಲ ಸಮುದಾಯಗಳೂ ಎರಡು ಹಳೆಯ ಮೂಲಗಳ ಮಿಶ್ರಣ. ಬೆರೆತ ಪ್ರಮಾಣ ಮಾತ್ರ ಬೇರೆ ಬೇರೆ. ಆ ಬೆರಕೆ ಮುಖ್ಯವಾಗಿ ಸುಮಾರು 4,200ರಿಂದ 1,900 ವರ್ಷಗಳ ಹಿಂದೆ ನಡೆಯಿತು ಎಂಬುದು 2013ರ ಅವರದೇ ಅಂದಾಜು. ನಿನ್ನ ಆ 4% ಇಂಥ ಹಳೆಯ ಬೆರಕೆಯ ಒಂದು ಎಳೆ ಇರಬಹುದು. ಸುಮ್ನೆ ಲೆಕ್ಕದ ಗದ್ದಲವೂ ಇರಬಹುದು. ಮುತ್ತಜ್ಜಿಯ ತನಕ ಎಳೆದು ತರುವಷ್ಟು ಗಟ್ಟಿ ಆಧಾರ ಅದರಲ್ಲಿಲ್ಲ.

ಒಂದು ಕೆಲಸ ಮಾಡು. ಕೆಲವು ಕಂಪನಿಗಳ ಪುಟದಲ್ಲಿ "ಎಷ್ಟು ಖಚಿತ" ಎಂದು ಬದಲಾಯಿಸುವ ಗುಂಡಿ ಇರುತ್ತದೆ. ಮೊದಲಿಗೆ ಅದು 50%ರಲ್ಲಿ ಇರಬಹುದು. ಅದನ್ನು 90%ಕ್ಕೆ ಏರಿಸಿ ನೋಡು. ನಿನ್ನ ಮಗಳು ಪುಟ ತೆರೆದು ಏರಿಸಿದಾಗ ಸಮರ್ಕಂದ ಮಾಯವಾಗಿ, ಅಲ್ಲಿ "ನಿಗದಿಯಾಗಿಲ್ಲ" ಎಂದು ಬಂತು ಅಂತ ನೀನೇ ಹೇಳಿದೆಯಲ್ಲ. ಆ ಪದವೇ ಹೆಚ್ಚು ಪ್ರಾಮಾಣಿಕ. ಅದನ್ನು ಮೊದಲ ಪುಟದಲ್ಲೇ ಹಾಕಬೇಕಿತ್ತು ಎಂದು ನನಗನ್ನಿಸುತ್ತದೆ.

ಗೋಪಾಲಣ್ಣನಿಗೆ ಮಧ್ಯ ಏಷ್ಯಾ ಬರಲೇ ಇಲ್ಲ. ಅಪ್ಪ ಅಮ್ಮ ಒಬ್ಬರೇ ಅಲ್ವಾ?

ಒಬ್ಬರೇ. ಗಾಬರಿ ಬೇಡ. ಇಸ್ಪೀಟಿನ ಎರಡು ಕಟ್ಟು ತಗೊ, ಅಪ್ಪನದೊಂದು, ಅಮ್ಮನದೊಂದು. ಪ್ರತಿ ಮಗು ಹುಟ್ಟುವಾಗ ಎರಡನ್ನೂ ಕಲಸಿ, ಒಂದೊಂದರಿಂದ ಅರ್ಧರ್ಧ ಎಲೆ ಹಂಚುತ್ತಾರೆ. ನಿನಗೆ ಬಂದ ಎಲ್ಲ ಎಲೆಗಳೂ ಗೋಪಾಲನಿಗೆ ಬರಲೇಬೇಕೆಂದಿಲ್ಲ. ಒಡಹುಟ್ಟಿದವರ ನಡುವೆ ಸಮಾನವಾಗಿರುವುದು ಸರಾಸರಿ ಅರ್ಧ.

ಆದರೆ ಇಡೀ ವ್ಯತ್ಯಾಸಕ್ಕೆ ಅದೊಂದೇ ಕಾರಣವಲ್ಲ. 2019ರಲ್ಲಿ ಕೆನಡಾದ ಸಿಬಿಸಿ ವಾಹಿನಿಯ ವರದಿಗಾರ್ತಿಯೊಬ್ಬರು ತಮ್ಮ ತದ್ರೂಪಿ ಅವಳಿ ಸೋದರಿಯ ಜೊತೆ ಐದು ಕಂಪನಿಗಳಿಗೆ ಉಗುಳು ಕಳಿಸಿದರು. ತದ್ರೂಪಿ ಅವಳಿಗಳು ಅಂದರೆ ಡಿಎನ್‌ಎ ಹೆಚ್ಚುಕಡಿಮೆ ಒಂದೇ. ಆದರೂ ಒಂದೇ ಕಂಪನಿ ಇಬ್ಬರಿಗೂ ಬೇರೆ ಬೇರೆ ಶೇಕಡಾವಾರು ಕೊಟ್ಟಿತು. ಕಂಪನಿಯಿಂದ ಕಂಪನಿಗಂತೂ ಅಂಕಿ ಇನ್ನೂ ಬದಲಾಯಿತು.

ಮೊನ್ನೆ ಮತ್ತೆ ತೆರೆದರೆ ನನ್ನ ಅಂಕಿಗಳೇ ಬದಲಾಗಿವೆ!

ಅವರು ಮಾದರಿಗಳ ಗುಂಪನ್ನು ದೊಡ್ಡದು ಮಾಡಿದ್ದಾರೆ, ಲೆಕ್ಕದ ವಿಧಾನ ತಿದ್ದಿದ್ದಾರೆ. ನಿನ್ನ ಡಿಎನ್‌ಎ ಬದಲಾಗಿಲ್ಲ. ಇನ್ನೂ ಬದಲಾಗುತ್ತದೆ, ಕಾಯುತ್ತಿರು.

ಪರೀಕ್ಷೆ ಮಾಡಿಸಿದವರಲ್ಲಿ ನನ್ನ ನೆಂಟರು ಯಾರು ಎಂಬ ಪಟ್ಟಿಯೂ ಬಂದಿದೆ. ಅದೂ ಹೀಗೇನಾ?

ಇಲ್ಲ, ಅದು ಗಟ್ಟಿ. ಇಲ್ಲಿ ಯಾವ ದೇಶದ ಮಾದರಿಯೂ ಬೇಕಾಗಿಲ್ಲ. ಇಬ್ಬರ ಡಿಎನ್‌ಎ ಎಷ್ಟು ಉದ್ದ ಒಂದೇ ತೆರನಾಗಿದೆ ಎಂದು ಅಳೆದರಾಯಿತು. ತಂದೆ-ಮಗ, ಒಡಹುಟ್ಟಿದವರು, ಚಿಕ್ಕಪ್ಪ-ಮಗ ಇಂಥ ಹತ್ತಿರದ ಸಂಬಂಧದಲ್ಲಿ ಪರೀಕ್ಷೆ ತಪ್ಪುವುದು ಬಹಳ ಅಪರೂಪ. ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳ ನಡುವೆ, ನಮ್ಮಿಬ್ಬರ ಹಾಗೆ, ಎಂಟನೇ ಒಂದು ಭಾಗದಷ್ಟು ಸಮಾನ ಇರುತ್ತದೆ. ದೂರ ಹೋದಂತೆ ಅದು ಕರಗುತ್ತದೆ. ಮುತ್ತಜ್ಜನ ಅಪ್ಪ ಒಬ್ಬರೇ ಆಗಿರುವ ದಾಯಾದಿಗಳಲ್ಲಿ ಹತ್ತರಲ್ಲಿ ಒಂದು ಜೋಡಿಗೆ ಗುರುತಿಸುವಷ್ಟು ಸಮಾನತೆಯೇ ಉಳಿದಿರುವುದಿಲ್ಲ. ಅವರು ಪಟ್ಟಿಯಲ್ಲಿಲ್ಲ ಎಂದ ಮಾತ್ರಕ್ಕೆ ನೆಂಟರಲ್ಲ ಎಂದಲ್ಲ.

ನಮ್ಮ ಕಡೆ ಇನ್ನೊಂದು ತೊಡಕು ಇದೆ. ಅಕ್ಕನ ಮಗಳನ್ನು, ಅತ್ತೆಯ ಮಗಳನ್ನು ತಂದುಕೊಳ್ಳುವ ರೂಢಿ. ನಮ್ಮ ಮನೆಯಲ್ಲೇ ಮೂರು ತಲೆಮಾರಿನಲ್ಲಿ ಎಷ್ಟಾಗಿವೆ, ಎಣಿಸು. ಒಬ್ಬನೇ ಪೂರ್ವಜ ಎರಡು ದಾರಿಯಿಂದ ಬಂದಾಗ ಸಮಾನತೆ ಜಾಸ್ತಿಯಾಗುತ್ತದೆ. ಹಾಗಾಗಿ ದೂರದ ದಾಯಾದಿಯೂ ಪಟ್ಟಿಯಲ್ಲಿ ಹತ್ತಿರದವನಂತೆ ಕಾಣುತ್ತಾನೆ. ಪರೀಕ್ಷೆ ಅಳೆದದ್ದು ಸರಿ, ಕೊಟ್ಟ ಹೆಸರು ತಪ್ಪು.

ಒಂದು ಎಚ್ಚರಿಕೆ. ಈ ಪಟ್ಟಿಯಲ್ಲಿ ಯಾರಿಗೂ ಗೊತ್ತಿಲ್ಲದ ಅಣ್ಣನೋ ತಂಗಿಯೋ ಸಿಗಬಹುದು. ಅಪ್ಪ ಎಂದುಕೊಂಡವರು ಅಪ್ಪ ಅಲ್ಲ ಎಂದೂ ಗೊತ್ತಾಗಬಹುದು. ಹಾಗೆ ಸಿಕ್ಕವರು ಎಷ್ಟೋ ಮಂದಿ ಇದ್ದಾರೆ. ಮನೆಯ ಹಿರಿಯರು ಬದುಕಿದ್ದಾಗ ಈ ಪರೀಕ್ಷೆ ಮಾಡಿಸುವವರು ಇದನ್ನು ಮೊದಲೇ ಯೋಚಿಸಬೇಕು.

ನಮ್ಮ ಜಾತಿ, ಗೋತ್ರ ಯಾವುದು ಎಂದು ಇದರಲ್ಲಿ ಗೊತ್ತಾಗುತ್ತಾ?

ಗೊತ್ತಾಗುವುದಿಲ್ಲ. ತಿಳಿಸುತ್ತೇವೆ ಎಂದು ಯಾರಾದರೂ ಹೇಳಿದರೆ ದುಡ್ಡು ಕೊಡಬೇಡ. ತಂದೆಯ ಕಡೆಯಿಂದ ಮಗನಿಗೆ ಇಳಿಯುವ ವೈ ಕ್ರೋಮೋಸೋಮಿಗೆ ಗುಂಪುಗಳ ಹೆಸರಿವೆ. ನಿನ್ನ ವರದಿಯಲ್ಲಿ ಆರ್1ಎ ಎಂದಿದೆ. ಅದನ್ನು ಒಂದು ಜಾತಿಯ ಗುರುತು ಎಂದು ವಾಟ್ಸಾಪಿನಲ್ಲಿ ಹರಡುತ್ತಾರೆ. ಆದರೆ ಆ ಗುಂಪು ಬ್ರಾಹ್ಮಣರಲ್ಲಿ ಸಿಗುತ್ತದೆ, ಬುಡಕಟ್ಟುಗಳಲ್ಲೂ ಸಿಗುತ್ತದೆ, ಪೂರ್ವ ಯುರೋಪಿನಲ್ಲೂ ಧಾರಾಳವಾಗಿದೆ. ಅದಕ್ಕಿಂತ ದೊಡ್ಡ ಮಾತು ಇದು: ಹತ್ತು ತಲೆಮಾರು ಹಿಂದೆ ಲೆಕ್ಕದ ಪ್ರಕಾರ ನಿನಗೆ 1,024 ಪೂರ್ವಜರು. ವೈ ಕ್ರೋಮೋಸೋಮು ಹೇಳುವುದು ಅವರಲ್ಲಿ ಒಬ್ಬನ ಕತೆ. ಉಳಿದ 1,023 ಜನರಲ್ಲಿ ಹೆಚ್ಚಿನವರ ಹೆಸರೂ ನಮಗೆ ಗೊತ್ತಿಲ್ಲ, ಆದರೂ ಅವರಿಲ್ಲದೆ ನೀನಿಲ್ಲ. ಒಂದು ಎಳೆ ಹಿಡಿದು ಮೇಲು ಕೀಳು ಹೇಳುವವರನ್ನು ಕಂಡರೆ ನನಗೆ ನಿಜವಾಗಿ ಬೇಸರವಾಗುತ್ತದೆ.

ಹಾಗಂತ ಡಿಎನ್‌ಎ ಏನೂ ಹೇಳುವುದೇ ಇಲ್ಲ ಎಂದಲ್ಲ. ಯಲ್ಲಾಪುರ, ಹಳಿಯಾಳದ ಸಿದ್ದಿಗಳನ್ನು ನೋಡು. ಅವರ ಪೂರ್ವಜರು ಆಫ್ರಿಕಾದಿಂದ ಬಂದವರು. 2011ರಲ್ಲಿ ಸಿಸಿಎಂಬಿ ವಿಜ್ಞಾನಿಗಳು ಪರೀಕ್ಷಿಸಿದಾಗ ಆಫ್ರಿಕಾದ ಭಾಗ ಸ್ಪಷ್ಟವಾಗಿ ಕಂಡಿತು. ಇಲ್ಲಿನವರ ಜೊತೆ ಬೆರೆತದ್ದು ಸುಮಾರು 200 ವರ್ಷಗಳ ಈಚೆಗೆ ಎಂದೂ ಲೆಕ್ಕ ಸಿಕ್ಕಿತು. ಎರಡು ಮೂಲಗಳೂ ಒಂದಕ್ಕೊಂದು ಬಹಳ ದೂರ, ಬೆರಕೆ ಇತ್ತೀಚಿನದು, ಅದಕ್ಕೆ ಅಷ್ಟು ಚೆನ್ನಾಗಿ ಕಂಡಿತು. ಹಾಸನದವರನ್ನೂ ತುಮಕೂರಿನವರನ್ನೂ ಹಾಗೆ ಬೇರ್ಪಡಿಸಲು ಹೋದರೆ ಆಗುವುದಿಲ್ಲ.

ಆರೋಗ್ಯದ ವರದಿಯೂ ಇದೆ. ಡಾಕ್ಟರಿಗೆ ತೋರಿಸಲಾ?

ತೋರಿಸು, ಆದರೆ ಅದನ್ನೇ ನಂಬಿ ಔಷಧಿ ಬದಲಾಯಿಸಬೇಡ. ಅಪರೂಪದ ಬದಲಾವಣೆಗಳನ್ನು ಓದುವಾಗ ಈ ಚಿಪ್‌ಗಳು ಎಡವುತ್ತವೆ. "ಇದೆ" ಎಂದು ಬಂದರೆ ಆಸ್ಪತ್ರೆಯ ಲ್ಯಾಬಿನಲ್ಲಿ ಮತ್ತೆ ಪರೀಕ್ಷಿಸಬೇಕು. "ಇಲ್ಲ" ಎಂದು ಬಂದರೂ ನೆಮ್ಮದಿಯಾಗಿ ಕೂರಬಾರದು. ಸ್ತನ ಕ್ಯಾನ್ಸರಿಗೆ ಸಂಬಂಧಪಟ್ಟ ಬಿಆರ್‌ಸಿಎ ಜೀನುಗಳಲ್ಲಿ ಸಾವಿರಕ್ಕೂ ಹೆಚ್ಚು ಬದಲಾವಣೆಗಳು ಅಪಾಯಕಾರಿ. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ಮನೆಯ ಕಿಟ್‌ಗೆ ಅನುಮತಿ ಕೊಟ್ಟಾಗ, ಅದು ನೋಡುತ್ತಿದ್ದದ್ದು ಅವುಗಳಲ್ಲಿ ಮೂರೇ ಮೂರನ್ನು. ಆ ಮೂರೂ ಮುಖ್ಯವಾಗಿ ಯುರೋಪ್ ಮೂಲದ ಅಶ್ಕೆನಾಜಿ ಯಹೂದಿಗಳಲ್ಲಿ ಕಾಣುವಂಥವು.

ನನ್ನ ಮಾಹಿತಿ ಅವರ ಹತ್ತಿರ ಉಳಿದರೆ ಏನಾಗುತ್ತದೆ?

23 ಅಂಡ್ ಮಿ ಎಂಬ ದೊಡ್ಡ ಕಂಪನಿಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಕಳ್ಳರ ಕೈಗೆ ಸಿಕ್ಕಿತು. 2025ರ ಮಾರ್ಚಿನಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಅದರ ಗ್ರಾಹಕರ ಡಿಎನ್‌ಎ ಯಾರ ಪಾಲಾಗುತ್ತದೆ ಎಂಬ ಆತಂಕ ಎಲ್ಲರಿಗೂ ಇತ್ತು. ಇನ್ನೊಂದು ಮುಖವೂ ಇದೆ. 2018ರಲ್ಲಿ ಕ್ಯಾಲಿಫೋರ್ನಿಯಾದ ಹಳೆಯ ಕೊಲೆಗಾರನೊಬ್ಬ ಸಿಕ್ಕಿಬಿದ್ದದ್ದು, ಜನ ತಾವೇ ಡಿಎನ್‌ಎ ಹಾಕಿದ ಜಾಲತಾಣದಲ್ಲಿ ಅವನ ದೂರದ ನೆಂಟರು ಇದ್ದದ್ದರಿಂದ. ಅವನು ಉಗುಳು ಕೊಟ್ಟವನೇ ಅಲ್ಲ. ಅಂದರೆ ನೀನು ಕೊಟ್ಟದ್ದು ನಿನ್ನೊಬ್ಬನದಲ್ಲ, ಗೋಪಾಲನ ಮಕ್ಕಳದೂ, ನನ್ನದೂ ಅದರಲ್ಲಿದೆ. ಫಲಿತಾಂಶವನ್ನು ಇಳಿಸಿಟ್ಟುಕೊಂಡು, ಖಾತೆ ಅಳಿಸಿ, ಮಾದರಿಯನ್ನು ನಾಶ ಮಾಡಿ ಎಂದು ಕೇಳಬಹುದು. ನನಗಾದರೆ ಹಾಗೇ ಮಾಡಬೇಕು ಅನ್ನಿಸುತ್ತದೆ.

ನಮ್ಮವರು ಮೂಲ ಚಿತ್ರದುರ್ಗದ ಕಡೆಯವರು ಅಂತ ಅಪ್ಪ ಹೇಳುತ್ತಿದ್ದರು. ಅದು ನಿಜವೋ ಸುಳ್ಳೋ ಹೇಗೆ ತಿಳಿಯುವುದು?

ಉಗುಳಿನಲ್ಲಿ ತಿಳಿಯುವುದಿಲ್ಲ. ನಿನಗೆ ನೆನಪಿದೆಯಾ, ಸುಗ್ಗಿ ಮುಗಿದ ಮೇಲೆ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ. ದೊಡ್ಡಮ್ಮ ಮೊರದಲ್ಲಿ ರಾಗಿ ತಂದು ನಿಂತರೆ, ಅವರು ಅಜ್ಜನ ಅಜ್ಜನಿಂದ ಶುರುಮಾಡಿ ಹೆಸರುಗಳನ್ನು ಒಂದೇ ಉಸಿರಿಗೆ ಹೇಳುತ್ತಿದ್ದರು, ಯಾವ ಊರು ಬಿಟ್ಟು ಯಾವ ಊರಿಗೆ ಬಂದರು ಎಂಬುದನ್ನೂ ಸೇರಿಸಿ. ಅದರಲ್ಲಿ ತಪ್ಪುಗಳಿರಬಹುದು, ಆದರೆ ಊರಿನ ಹೆಸರು ಇತ್ತು. ಕಿಟ್‌ನಲ್ಲಿ ಅದಿಲ್ಲ.

ಜಮೀನಿನ ಹಳೆಯ ಪತ್ರಗಳು ಗೋಪಾಲನ ಟ್ರಂಕಿನಲ್ಲಿವೆ, ಅವನ್ನು ತೆಗೆಸು. ಶಿರಾದಲ್ಲಿರುವ ದೊಡ್ಡತ್ತೆಗೆ ಈಗ 88. ಮಾತು ಇನ್ನೂ ಸ್ಪಷ್ಟ ಇದೆ, ಬೆಳಿಗ್ಗೆ ಹೊತ್ತು ಚೆನ್ನಾಗಿ ಮಾತಾಡುತ್ತಾರೆ. ನೀನು ಬಂದ ವಾರವೇ ಇಬ್ಬರೂ ಹೋಗಿ ಬರೋಣ. ನಾನು ಪುಸ್ತಕ ತರುತ್ತೇನೆ, ನೀನು ಫೋನಿನಲ್ಲಿ ರೆಕಾರ್ಡ್ ಮಾಡು.